ಬಯಾಪ್ಸಿಯಲ್ಲಿ ಗ್ರ್ಯಾನುಲೋಮ ಇದೆ, ಹಾಗಾದ್ರೆ ಟಿಬಿನಾ?

"ಡಾಕ್ಟ್ರೇ, ಎರಡು ತಿಂಗಳಿಂದ ಟಿಬಿ ಮಾತ್ರೆ ನುಂಗ್ತಾ ಇದ್ದೀನಿ, ಕೆಮ್ಮು ಹಾಗೇ ಇದೆ" ಎನ್ನುತ್ತಾ ಫೈಲು ಮೇಜಿನ ಮೇಲಿಟ್ಟ ಆಕೆಗೆ 32 ವರ್ಷ. ಒಣ ಕೆಮ್ಮು, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ಬುಡದಲ್ಲಿ ಒಂದೇ ಸಮ ಊದಿಕೊಂಡ ದುಗ್ಧಗ್ರಂಥಿಗಳು. ಬಯಾಪ್ಸಿ ವರದಿಯಲ್ಲಿ 'ಗ್ರ್ಯಾನುಲೋಮ' ಎಂಬ ಪದ. ಅದನ್ನು ಕಂಡ ಕೂಡಲೇ ನಮ್ಮ ದೇಶದಲ್ಲಿ ಟಿಬಿ ನೆನಪಾಗೋದು ಸಹಜವೇ.

ಆದರೆ ಗ್ರ್ಯಾನುಲೋಮ ರೋಗದ ಹೆಸರಲ್ಲ. ದೇಹದ ಕಾವಲು ಕೋಶಗಳು ತಮಗೆ ಕರಗಿಸಲಾಗದ್ದನ್ನು ಸುತ್ತುವರಿದು ಕಟ್ಟುವ ಪುಟ್ಟ ಗಂಟು ಅದು. ಟಿಬಿಯಲ್ಲಿ ಗಂಟಿನ ನಡುಭಾಗ ಸತ್ತು ಗಿಣ್ಣಿನ ಹಾಗೆ ಪುಡಿಯಾಗುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಗಂಟು ಬಿಗಿಯಾಗಿಯೇ ಇರುತ್ತದೆ. ಅಲ್ಲಿ ಕೋಶಗಳು ಏನನ್ನು ಸುತ್ತುವರಿದಿವೆ ಎಂಬುದು ವೈದ್ಯಲೋಕಕ್ಕೇ ಇನ್ನೂ ಖಚಿತವಾಗಿ ಗೊತ್ತಿಲ್ಲ. ಇಲ್ಲೊಂದು ಮೋಸವೂ ಇದೆ: ಸೂಜಿ ತಾಗಿದ ಜಾಗದಲ್ಲಿ ಗಿಣ್ಣು ಸಿಗದಿದ್ದರೆ ಟಿಬಿ ಗಂಟೂ ಹೀಗೇ ಕಾಣಬಹುದು.

ಹಾಗಾಗಿ ರೋಗಾಣುವನ್ನೇ ಹುಡುಕಬೇಕು. ಆಕೆಯ ಮೊದಲ ಬಯಾಪ್ಸಿಯ ಚೂರನ್ನೆಲ್ಲಾ ಫಾರ್ಮಲಿನ್‌ಗೆ ಹಾಕಿದ್ದರು. ಅದರಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಚರ್ ಮಾಡಲಾಗದು. ಮತ್ತೆ ಸೂಜಿ ಹಾಕಿದೆವು, ಒಂದು ಭಾಗವನ್ನು ಸಲೈನ್‌ನಲ್ಲಿಟ್ಟು ಜೀನ್‌ಎಕ್ಸ್‌ಪರ್ಟ್‌ಗೂ ಕಲ್ಚರ್‌ಗೂ ಕಳಿಸಿದೆವು. ಜೀನ್‌ಎಕ್ಸ್‌ಪರ್ಟ್‌ನಲ್ಲಿ ಟಿಬಿ ಸಿಗಲಿಲ್ಲ. ಈ ಬಾರಿಯ ಗಂಟುಗಳಲ್ಲೂ ಗಿಣ್ಣಿಲ್ಲ. ಆದರೂ ನನಗೆ ಪೂರ್ತಿ ನೆಮ್ಮದಿಯಿರಲಿಲ್ಲ. ಎರಡು ತಿಂಗಳು ಮಾತ್ರೆ ತಿಂದವರಲ್ಲಿ ಟಿಬಿ ಇದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದಲ್ಲ!

ಬೇರೆ ಸುಳಿವುಗಳು ನೆರವಿಗೆ ಬಂದವು. ಮಾಂಟೂ ಪರೀಕ್ಷೆಯಲ್ಲಿ ಕೈ ಮೇಲೆ ಗುಳ್ಳೆಯೇ ಏಳಲಿಲ್ಲ. ಸಾರ್ಕಾಯ್ಡೋಸಿಸ್‌ನಲ್ಲಿ ಚರ್ಮದ ಈ ಪ್ರತಿಕ್ರಿಯೆ ಎಷ್ಟೋ ಸಲ ಮಂಕಾಗಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ 11.4 ಇತ್ತು, ಸಾಮಾನ್ಯವಾಗಿ 10.5 ದಾಟಬಾರದು. ಗ್ರ್ಯಾನುಲೋಮದ ಕೋಶಗಳು ತಾವೇ ವಿಟಮಿನ್ ಡಿ ಯನ್ನು ಚುರುಕುಗೊಳಿಸಿ ಕ್ಯಾಲ್ಸಿಯಂ ಏರಿಸುತ್ತವೆ. ಟಿಬಿಯಲ್ಲೂ ಅಪರೂಪಕ್ಕೆ ಹೀಗಾಗುತ್ತೆ. "ಸುಸ್ತು ಅಂತ ವಾರಕ್ಕೊಂದು ವಿಟಮಿನ್ ಡಿ ತಗೋತಿದ್ದೆ" ಅಂದರು ಆಕೆ. ಮೊದಲು ಅದನ್ನು ನಿಲ್ಲಿಸಿದೆ. ಕಣ್ಣಿನ ವೈದ್ಯರು ಕಣ್ಣೊಳಗೂ ಉರಿಯೂತ ಕಂಡು ಹನಿಮದ್ದು ಶುರು ಮಾಡಿದರು.

ಚಿತ್ರ ಸಾರ್ಕಾಯ್ಡೋಸಿಸ್ ಕಡೆಗೇ ವಾಲಿತ್ತು. ಆದರೂ ಸ್ಟಿರಾಯ್ಡ್ ಮಾತ್ರೆಗೆ ಅವಸರಪಡಲಿಲ್ಲ. ಅಡಗಿದ ಟಿಬಿಗೆ ಸ್ಟಿರಾಯ್ಡ್ ಕೊಟ್ಟರೆ ಅದು ಮೈಯೆಲ್ಲಾ ಹರಡಬಹುದು. ಕಲ್ಚರ್ ವರದಿಗೆ ಆರು ವಾರ ಕಾದೆವು, ಏನೂ ಬೆಳೆಯಲಿಲ್ಲ. ಟಿಬಿ ಮಾತ್ರೆ ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟೆ.

ಮೂರು ತಿಂಗಳಿಗೆ ಕೆಮ್ಮು ಹೋಗಿದೆ, ಕ್ಯಾಲ್ಸಿಯಂ 9.6. ಡೋಸ್ ನಿಧಾನವಾಗಿ ಇಳಿಸ್ತಾ ಇದ್ದೀನಿ. ಬಂದಾಗಲೆಲ್ಲಾ ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ ಅಂತ ಈಗಲೂ ಕೇಳ್ತೀನಿ.