ಸತ್ಕಾರ ನಮಗ, ಭಾರ ಅವನಿಗೆ

ಪರದೇಶಕ್ಕೆ ಹೊಂಟ ಗೆಳೆಯನಿಗೆ ನಮ್ಮ ಊರಾಗ ಕೊಡುವ ಕಾಣಿಕೆಗಳ ಮ್ಯಾಲೆ ನನ್ನದೊಂದು ತಕರಾರು ಐತಿ. ನಾನು ಏಳನೇತ್ತೆ ಕಲಿತ ಒಕ್ಕಲಿಗ, ಭಜನಿ ಮೇಳದಾಗ ಹಾಡಾಂವ. ದೊಡ್ಡ ಮಾತು ಬರೋದಿಲ್ಲ. ಆದರ ಕಣ್ಣಿಗೆ ಕಂಡದ್ದು ಹೇಳಾಕ ಶಾಲಿ ಬೇಕಾಗಿಲ್ಲ. ನಾವು ಕೊಡೋ ಕಾಣಿಕೆ ಹೋಗಾಂವನ ಸಲುವಾಗಿ ಅಲ್ಲ, ನಮ್ಮ ಸಲುವಾಗಿ. ಅದರಾಗ ಅರ್ಧ ವಿಮಾನ ಹತ್ತೂದಿಲ್ಲ. ಹತ್ತಿದ ಅರ್ಧ ಅಲ್ಲಿ ಪೆಟ್ಟಿಗೆಯಿಂದ ಹೊರಗ ಬರೂದಿಲ್ಲ.

ಹೋದ ವರ್ಷ ನಮ್ಮ ಮೇಳದಾಗ ದಮ್ಮಡಿ ಬಾರಿಸುವ ಗೆಳೆಯ ಹೆಂಡತಿಯನ್ನು ಕರಕೊಂಡು ಅಮೇರಿಕಾಕ್ಕ ಮಗನ ಮನಿಗೆ ಹೊಂಟ. ಮೂವತ್ತೈದು ವರ್ಷ ನಾನು ಹಾಡಿದ್ದು, ಅವನು ಬಾರಿಸಿದ್ದು. ಇನ್ನ ಅಲ್ಲೇ ಇರೋದು ಅಂತ ಮಗ ಹೇಳಿದ್ದ. ಊರವರು ನಿರೋಪ ಸಮಾರಂಭ ಮಾಡಿದರು. ಫೇಟಾ ಸುತ್ತಿದರು, ಶಾಲು ಹೊದಿಸಿದರು, ಕಾಜಿನ ಚೌಕಟ್ಟಿನ ದೊಡ್ಡ ಫೋಟೋ ಕೊಟ್ಟರು, ಟ್ರೋಫಿ ಕೊಟ್ಟರು. ಮರುದಿವಸ ಅವನ ಪಡಸಾಲ್ಯಾಗ ಆ ಗುಂಪಿ ನೋಡಿ, ಜೋಳ ತೂಗುವ ಕಾಟಾ ತಂದು ತೂಗಿದೆವು. 26 ಕಿಲೋ ಆತು. ಅವನ ಟಿಕೇಟಿನ ಮ್ಯಾಲೆ ಒಬ್ಬರಿಗೆ 23 ಕಿಲೋದ ಎರಡು ಚೀಲ ಮಾತ್ರ. ಅದರಾಗ ಇಬ್ಬರ ಅರಿವಿ, ಚಳಿ ಅರಿವಿ, ಔಷಧ, ದೇವರ ಸಾಮಾನು, ಮೊಮ್ಮಕ್ಕಳಿಗೆ ಒಯ್ಯೂದು ಎಲ್ಲಾ ಹಿಡಿಬೇಕು. ಹನ್ನೊಂದು ಶಾಲು ಎಲ್ಲಿ ಇಡ್ತೀರಿ? ಟ್ರೋಫಿ ಮ್ಯಾಲೆ ನೋಡಿದರ ಅವನ ಹೆಸರು ಸಣ್ಣದು, ಕೊಟ್ಟವರ ಹೆಸರು ದೊಡ್ಡದು. ಹಂಗಾದ ಮ್ಯಾಲೆ ಅದು ಯಾರ ಕಾಣಿಕೆ?

ಇನ್ನ ಉಡಿ ತುಂಬೋ ಮಾತು. ಇದು ನಮ್ಮ ಹೆಣ್ಣಮಕ್ಕಳ ಪ್ರೀತಿ, ನಾನು ಅದರ ವಿರುದ್ಧ ಅಲ್ಲ. ಆದರ ವೈನಿಗೆ ತುಂಬಿದ ಉಡಿ ಹಂಗೇ ಗಂಟು ಕಟ್ಟಿ ಪೆಟ್ಟಿಗ್ಯಾಗ ಇಡಾಕ ಹೊಂಟಿದ್ದರು. ಉಡ್ಯಾಗ ಏನಿರತೈತಿ? ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಕೊಂಬು, ಎಲಿ ಅಡಿಕಿ, ಕುಬಸದ ಖಣ. ಕೊಬ್ಬರಿ ಬಟ್ಟಲ ನಮ್ಮ ವಿಮಾನ ನಿಲ್ದಾಣದಾಗೇ ತಗಿಸ್ತಾರ. ಒಣ ಕೊಬ್ಬರಿಯೊಳಗಿನ ಎಣ್ಣಿ ಗಾಳಿ ಬಡಿದು ತಾನೇ ಕಾಯುವಂಥದ್ದು, ಬೆಂಕಿ ಹತ್ತೀತು ಅಂತ ವಿಮಾನದವರು ಅದನ್ನ ಅಪಾಯದ ಸಾಮಾನಿನ ಪಟ್ಟಿಯೊಳಗ ಇಟ್ಟಾರ. ಅಕ್ಕಿ ಅಮೇರಿಕಾದ ಬಾಗಿಲದಾಗ ನಿಲ್ಲತೈತಿ. ನಮ್ಮ ದೇಶದ ಧಾನ್ಯದಾಗ ಖಪ್ರಾ ಅನ್ನೋ ಹುಳ ಐತಿ. ಅದರ ಮರಿ ತಿನ್ನಾಕ ಇಲ್ಲದಿದ್ದರೂ ಸಂದ್ಯಾಗ ವರ್ಷಗಟ್ಟಲೆ ಬದುಕತೈತಿ. ಅದಕ್ಕ ಪ್ರವಾಸಿಗರ ಚೀಲದಾಗಿನ ನಮ್ಮ ಅಕ್ಕಿ ಅವರು ಬಿಡೂದಿಲ್ಲ. ಹಸಿ ಕರಿಬೇವು, ನಿಂಬಿಹಣ್ಣು, ಹೊಲದ ಮಣ್ಣು, ಇವಕ್ಕೂ ಅದೇ ಗತಿ.

ಹೊಲದ ಮಣ್ಣಿನ ಬಗ್ಗೆ ನನ್ನ ಕೂಡ ಜಗಳಾಡಿದವರು ಅದಾರ. "ಒಂದು ಮುಷ್ಟಿ ಎರಿ ಮಣ್ಣು ಒಯ್ದರ ಅವರ ಗಂಟೇನು ಹೋಗತೈತಿ? ಹುಟ್ಟಿದ ಭೂಮಿ ಅದು" ಅಂದರು. ನಾನು ಅವರನ್ನ ನಮ್ಮ ಹೊಲದ ಬದುವಿಗೆ ಕರಕೊಂಡು ಹೋಗಿ ಕಾಂಗ್ರೆಸ್ ಕಸ ತೋರಿಸಿದೆ. ಅದರ ಮೂಲ ಅಮೇರಿಕಾ ಕಡೆದು. ಅಲ್ಲಿಂದ ತಂದ ಗೋದಿ ಜೋಡಿ ಬಂತು ಅಂತ ಹೇಳ್ತಾರ. 1955ರ ಸುಮಾರಿಗೆ ಪುಣೆದಾಗ ಮೊದಲು ಕಂಡದ್ದು, ಇವತ್ತು ನಮ್ಮ ಬದು, ಹಾದಿ, ಶಾಲಿ ಅಂಗಳ ಎಲ್ಲಾ ಅದರದೇ. ಮುಟ್ಟಿದರ ಮೈ ತುರಸತೈತಿ, ದನ ತಿನ್ನೂದಿಲ್ಲ. ಹಂಗ ಒಂದು ಬೀಜ ನಮ್ಮ ಮಣ್ಣಿನಾಗ ಕುಂತು ಇನ್ನೊಬ್ಬನ ಹೊಲಕ್ಕ ಹೋಗಬಾರದು ಅಂತ ಅವರು ತಡೆದರ, ಒಕ್ಕಲಿಗನಾದ ನಾನು ತಪ್ಪು ಅನ್ನಲಾರೆ.

ಉಡಿಗೆ ನಾನು ಹೇಳೋ ದಾರಿ ಇಷ್ಟ. ಮನ್ಯಾಗ ಶಾಸ್ತ್ರದ ಪ್ರಕಾರ ಪೂರಾ ಉಡಿ ತುಂಬ್ರಿ. ಆಮ್ಯಾಲೆ ಆಕಿ ಕೈಯಿಂದನ ಅದನ್ನ ದೇವರ ಮುಂದ ಬಿಚ್ಚಿಸಿ, ಅಕ್ಕಿ ಕೊಬ್ಬರಿ ಓಣಿ ಮನಿಗಳಿಗೆ ಹಂಚಿಸ್ರಿ. ಖಣ ಮಾತ್ರ ಆಕಿ ಜೋಡಿ ಹೋಗಲಿ. ಹೋಗಾಕಿ ಕೊಟ್ಟು ಹೋದಂಗ ಆತು, ಉಡಿ ಕಸದ ಬುಟ್ಟಿಗೆ ಬೀಳೂದು ತಪ್ಪಿತು.

ಕೊಲ್ಲಿ ದೇಶಕ್ಕ ಕೆಲಸಕ್ಕ ಹೋಗೋ ಹುಡುಗರ ತಾಯಂದಿರಿಗೆ ಇನ್ನೊಂದು ಮಾತು, ಇದನ್ನ ಹಗುರ ತಿಳೀಬ್ಯಾಡ್ರಿ. ಗಸಗಸಿ ಕಳಸಬ್ಯಾಡ್ರಿ. ದುಬೈ ಕಡೆ, ಸೌದಿ ಕಡೆ ಗಸಗಸಿ ಅಂದರ ಅಫೀಮಿನ ಬೀಜ ಅಂತನ ಲೆಕ್ಕ, ಅದಕ್ಕ ಬಂದಿ. ಅದನ್ನ ಒಯ್ದು ಜೈಲು ಕಂಡವರು ಅದಾರ. ಪುಡಕಿ ಕಟ್ಟಿ ಕಳಿಸಿದರಷ್ಟ ಅಲ್ಲ, ಅನಾರಸದ ಮ್ಯಾಲೆ ಹಚ್ಚಿದ್ದು, ಕರಜಿಕಾಯಿ ಹೂರಣದಾಗ ಕಲಿಸಿದ್ದು, ಮಸಾಲಿ ಪುಡಿಯೊಳಗ ಕುಟ್ಟಿದ್ದು ಸೈತ ಬ್ಯಾಡ. ಅಮೇರಿಕಾಕ್ಕ ಹೋಗಾಂವ ದುಬೈದಾಗ ವಿಮಾನ ಬದಲಿಸೋದಿದ್ದರೂ ಬ್ಯಾಡ. ನಮ್ಮ ಗೆಳೆಯನ ಮನಿಯ ಮಸಾಲಿ ಡಬ್ಬಿಯನ್ನ ಇದೇ ಕಾರಣಕ್ಕ ನಾನು ಹೊರಗ ಇಡಿಸಿದೆ. ತಾಯಿ ಪ್ರೀತಿಯಿಂದ ಹಾಕಿದ ಒಂದು ಚಮಚ ಮಗನ ಬಾಳು ಕೆಡಸಬಾರದು.

ಹಂಗಾದರ ಏನು ಕೊಡಬೇಕು? "ಅಲ್ಲಿ ಎಲ್ಲಾ ಸಿಗತೈತಿ, ಏನೂ ಬ್ಯಾಡ" ಅನ್ನೋರೂ ಅದಾರ. ಅಲ್ಲಿ ಅಂಗಡ್ಯಾಗ ಜೋಳದ ಹಿಟ್ಟು ಸಿಗಬಹುದು. ನಮ್ಮ ಹೊಲದ ಮಾಲದಂಡಿ ಜೋಳ, ನಮ್ಮ ಓಣಿ ಹೆಣ್ಣಮಗಳ ಕೈಯಾಗ ಬಡಿದ ರೊಟ್ಟಿ ಸಿಗೂದಿಲ್ಲ. ನಾನು ಕೊಡಿಸಿದ್ದು ಮೂರ ಸಾಮಾನು.

ಮೊದಲನೇದು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿಗೆ ಹಿಟ್ಟು ಆವತ್ತೇ ಬೀಸಿದ್ದು ಬೇಕು, ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ಬಡಿಯೋವಾಗ ಅಂಚು ಸೀಳತೈತಿ. ಕುದಿಯೋ ನೀರಿನಾಗ ನಾದಿ, ತೆಳ್ಳಗ ಬಡಿದು, ಡಬ್ಬಿಯ ಅಗಲಕ್ಕಿಂತ ಒಂದು ಬೆರಳು ಸಣ್ಣ ಮಾಡಬೇಕು. ಇಲ್ಲಂದರ ಅಲ್ಲಿ ಮುಟ್ಟೂದು ಬರೇ ನುಚ್ಚು. ಹಂಚಿನ ಮ್ಯಾಲೆ ಬೇಯಿಸಿದ ಮ್ಯಾಲೆ ಒಲಿ ಮಗ್ಗಲಕ ನಿಲ್ಲಿಸಿ, ಸಣ್ಣ ಕಾವಿನಾಗ ಪೂರಾ ಒಣಗೋ ತನಕ ಬಿಡಬೇಕು. ಒಣಗಿದ್ದು ಹೆಂಗ ತಿಳೀತೈತಿ? ನಡುವ ಮುರದು ನೋಡ್ರಿ. ಕಟ್ಟಂತ ಮುರದರ ಆತು, ನಡುವ ಬಾಗಿದರ ಒಳಗ ನೀರು ಐತಿ, ನಾಕ ದಿನದಾಗ ಬೂಸ್ಟು ಹಿಡಿತೈತಿ. ಬಿಸಿ ಇದ್ದಾಗ ಡಬ್ಬಿ ಮುಚ್ಚಿದರೂ ಬೆವತು ಕೆಡತೈತಿ, ಒಂದು ರಾತ್ರಿ ಆರಾಕ ಬಿಡ್ರಿ. ಹಿಂಗ ಮಾಡಿದ್ದು ಒಂದು ತಿಂಗಳಕ್ಕ ಮೋಸ ಇಲ್ಲ.

ಹಿಂಡಿಗೆ ಒಂದು ಕಿಲೋ ಶೇಂಗಾ ಹುರಿದು, ಸಿಪ್ಪಿ ತಗದು, 60 ಗ್ರಾಂ ಖಾರಪುಡಿ, ಎರಡು ಗಡ್ಡಿ ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕಿ ಒರಳಾಗ ಕುಟ್ಟಬೇಕು. ಬಳ್ಳೊಳ್ಳಿ ಒಣಗಿದ್ದು ಇರಲಿ, ಹನಿ ನೀರು ತಾಗಬಾರದು. ಎರಡು ತಿಂಗಳ ಮ್ಯಾಲೆ ಶೇಂಗಾದ ಎಣ್ಣಿ ಕಮಟು ಹಿಡಿತೈತಿ, ಅದಕ್ಕ ಮೂರು ಕಿಲೋ ಬ್ಯಾಡ, ಒಂದೇ ಸಾಕು. ಹಿಂಗ ಬೇಯಿಸಿದ್ದು, ಹುರಿದು ಪುಡಿ ಮಾಡಿದ್ದು ಅಲ್ಲಿ ಸಾಮಾನ್ಯವಾಗಿ ಬಿಡ್ತಾರ. ಆದರ ತಿನ್ನೋ ಸಾಮಾನು ಐತಿ ಅಂತ ಇಳಿದ ಕೂಡಲೇ ಬಾಯಿಬಿಟ್ಟು ಹೇಳಬೇಕು. ಹೇಳಿದರ ಒಂದು ವ್ಯಾಳೆ ತಗೊಂಡಾರು, ದಂಡ ಇಲ್ಲ. ಮುಚ್ಚಿಟ್ಟು ಸಿಕ್ಕರ ದಂಡ.

ಎರಡನೇದು ಕೌದಿ. ನಾಕ ಮನಿಯ ಹಳೇ ಸೀರಿ ಕೂಡಿಸಿ ನಮ್ಮ ಓಣಿಯ ಹೆಣ್ಣಮಕ್ಕಳು ಹೊಲದರು. ದೊಡ್ಡ ಕೌದಿ ನಾಕೈದು ಕಿಲೋ ತೂಗತೈತಿ, ಹಂಗಾಗಿ ಮೂರೇ ಪದರಿನದು, ಒಬ್ಬರು ಹೊಚ್ಚಿಕೊಳ್ಳುವಷ್ಟು ಮಾಡಿಸಿದೆ. ಎರಡು ಕಿಲೋದ ಒಳಗ ಬಂತು. ಒಗೆದು ಬಿಸಿಲಿಗೆ ಹಾಕಿ ಕೊಟ್ಟರು. ಯಾವ ತುಣುಕು ಯಾರ ಸೀರಿ ಅಂತ ವೈನಿಗೆ ಗೊತ್ತು. ಅದಕ್ಕ ಹೆಸರು ಕೆತ್ತಿಸೋದು ಬೇಕಾಗಲಿಲ್ಲ.

ಮೂರನೇದು ಹಾಡು. ಇದು ನನ್ನ ಕಸುಬು, ಇದರಾಗ ನಾನು ಗಟ್ಟಿಯಾಗಿ ಮಾತಾಡ್ತೀನಿ. ಅವನ ಮೊಮ್ಮಕ್ಕಳು ಅಲ್ಲೇ ಹುಟ್ಟಿದವು. ಅವರಿಗೆ ಕಾಜಿನ ಫೋಟೋದಾಗಿನ ನಮ್ಮ ಮಾರಿ ಬ್ಯಾಡ, ಅಜ್ಜನ ಧ್ವನಿ ಬೇಕು. ವಹ್ಯಾಗ ಬರೇ ಮಾತು ಬರದರ ಹಾಡು ಹೋಗೂದಿಲ್ಲ. ಯಾವ ಧಾಟಿ, ಹಿಮ್ಮೇಳದವರು ಎಲ್ಲಿ ಎತ್ತಬೇಕು, ಯಾವ ಸಾಲು ಎಷ್ಟು ಸಲ, ಅದನ್ನೂ ಮಗ್ಗಲಕ ಬರೀಬೇಕು. ಫೋನಿನಾಗ ತುಂಬಿಸುವಾಗ ಹಾಡನ್ನ ಎರಡು ಸಲ ಹಾಡಿದೆವು. ಮೊದಲು ವಾದ್ಯ ಇಲ್ಲದ, ಸಾವಕಾಶ, ಮಾತು ತಿಳಿಯುವಂಗ. ಆಮ್ಯಾಲೆ ದಮ್ಮಡಿ ತಾಳ ಕೂಡಿಸಿ. ವಾದ್ಯದ ಜೋಡಿ ಒಂದೇ ಸಲ ತುಂಬಿಸಿದರ ದಮ್ಮಡಿ ಮಾತನ್ನ ನುಂಗತೈತಿ. ಪ್ರತಿ ಹಾಡಿನ ಮೊದಲಿಗೆ ಹಾಡು, ಊರು, ಹಾಡಿದವರ ಹೆಸರು ಹೇಳಿಸಿದೆವು. ವೈನಿಯ ಬೀಸುವ ಪದಗಳನ್ನೂ ತುಂಬಿಸಿದೆವು, ಅವನ್ನ ಬರದಿಟ್ಟವರು ನಮ್ಮ ಊರಾಗ ಒಬ್ಬರೂ ಇರಲಿಲ್ಲ. ಫೋನು ಕೆಟ್ಟರ ಎಲ್ಲಾ ಹೋಗತೈತಿ ಅಂತ ಮೂರು ಕಡೆ ಇಟ್ಟೀವಿ: ಅವನ ಹತ್ತಿರ, ಅವನ ಮಗನ ಹತ್ತಿರ, ನಮ್ಮ ಮೇಳದಾಗ.

ಗುರುಗಳಿಗೆ ನನ್ನ ಕೋರಿಕೆ ಇಲ್ಲೇ ಐತಿ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲಿಗಳಾಗ ಹುಡುಗರು ಶುದ್ಧಲೇಖನಕ್ಕ ದಿನಾ ಒಂದು ಹಾಳಿ ಬರೀತಾರ. ಆ ಹಾಳ್ಯಾಗ ಮನ್ಯಾಗಿನ ಅಜ್ಜಿಯ ಹಾಡು ಬರಸ್ರಿ. ಗೆಳೆಯನ ವಹಿಯನ್ನ ಹಿಂಗೇ ಏಳನೇತ್ತೆಯ ಹುಡುಗರು ದಪ್ಪ ಅಕ್ಷರದಾಗ ಬರದು ಕೊಟ್ಟರು. ಅಲ್ಲಿ ಓದಾವರು ಒಬ್ಬರೇ ಇದ್ದರೂ ಇರಲಿ, ಬರದ ಹುಡುಗರಿಗಂತೂ ಹಾಡು ಬಂತು.

ರೊಟ್ಟಿ, ಹಿಂಡಿ, ಕೌದಿ, ವಹಿ ಕೂಡಿ ಏಳು ಕಿಲೋ ಆತು. ಶಾಲು ಟ್ರೋಫಿಗೆ ಪಟ್ಟಿ ಎತ್ತುವ ಮಂಡಳಿಯವರು ಮುಂದಿನ ನಿರೋಪಕ್ಕ ಇಷ್ಟು ಮಾಡ್ರಿ. ಹೋಗಾವನ ಚೀಲದಾಗ ಎಷ್ಟು ಜಾಗ ಉಳದೈತಿ ಅಂತ ಮೊದಲು ಅವನ್ನ ಕೇಳ್ರಿ. ಕೇಳೋ ವ್ಯವಧಾನ ಇಲ್ಲದಿದ್ದರ ಆ ರೊಕ್ಕ ವಾಚನಾಲಯಕ್ಕ ಕೊಡ್ರಿ, ಇಲ್ಲಿ ವಹಿ ಆದರೂ ಬಂದಾವು.