ಒಂದು ‘ಅಥವಾ’ದ ಬೆಲೆ



ಕಾಯಿದೆ ಅಂದರೆ ಕಲ್ಲಿನ ಮೇಲೆ ಕೊರೆದ ಅಕ್ಷರ ಅಂತ ನಾವು ತಿಳಿದಿದ್ದೇವೆ. ಅಕ್ಷರ ಅದೇ ಇರುತ್ತದೆ, ಅರ್ಥ ಮಾತ್ರ ಓದುವವನ ಕೈಯಲ್ಲಿರುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ‘ಅಥವಾ’ ಅಂತ ಓದಿದ ಒಂದು ಪದವನ್ನು 2020ರಲ್ಲಿ ಅದೇ ಕೋರ್ಟು ‘ಮತ್ತು’ ಅಂತ ಓದಿತು. ಆ ಒಂದು ಪದದ ಮೇಲೆ ದೇಶದ ಎಷ್ಟೋ ರೈತರ ಜಮೀನು ತೂಗಾಡುತ್ತಿತ್ತು. ಅದು ಹೇಗಾಯಿತು ಅಂತ ನೀವು ತಿಳಿಯಬೇಕು.

1894ರ ಬ್ರಿಟಿಷರ ಭೂಸ್ವಾಧೀನ ಕಾಯಿದೆ ಹೋಗಿ, 2013ರ ಹೊಸ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಹಳೆಯದರಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ 30ರಷ್ಟು ಸಾಂತ್ವನ ಧನ; ಹೊಸದರಲ್ಲಿ ನೂರಕ್ಕೆ ನೂರು. ಸಾಲದ್ದಕ್ಕೆ ಹಳ್ಳಿಯ ಜಮೀನಿನ ಬೆಲೆಯನ್ನು ಒಂದರಿಂದ ಎರಡು ಪಟ್ಟಿನವರೆಗೆ ಗುಣಿಸಿ ಲೆಕ್ಕ ಹಾಕಬೇಕು. ಹಳೆಯ ಕಾಯಿದೆಯಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಸ್ವಾಧೀನಗಳ ಗತಿ ಏನು? ಅದಕ್ಕೆ ಉತ್ತರ 24ನೇ ಕಲಮಿನ 2ನೇ ಉಪಕಲಮು. ಅದರ ಸಾರ ಇಷ್ಟು: ಐತೀರ್ಪು, ಅಂದರೆ ಅವಾರ್ಡು, ಹೊಸ ಕಾಯಿದೆ ಜಾರಿಯಾಗುವ ಐದು ವರ್ಷ ಅಥವಾ ಅದಕ್ಕೂ ಮೊದಲೇ ಆಗಿದ್ದು, ‘ಜಮೀನಿನ ಭೌತಿಕ ಸ್ವಾಧೀನ ತೆಗೆದುಕೊಂಡಿಲ್ಲ ಅಥವಾ ಪರಿಹಾರ ಸಂದಾಯವಾಗಿಲ್ಲ’ ಎಂದಿದ್ದರೆ ಆ ಸ್ವಾಧೀನವೇ ರದ್ದಾಯಿತು ಅಂತ ಭಾವಿಸಬೇಕು. ಸರ್ಕಾರಕ್ಕೆ ಜಮೀನು ಬೇಕಿದ್ದರೆ ಹೊಸ ಕಾಯಿದೆಯಂತೆ, ಹೊಸ ಬೆಲೆಗೆ, ಮೊದಲಿನಿಂದ ಶುರುಮಾಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೈತನ ನಾಲ್ಕು ಎಕರೆಗೆ 2006ರಲ್ಲಿ ಅವಾರ್ಡು ಆಯಿತು. ಬೆಲೆ ಕಡಿಮೆ ಅಂತ ಅವನು ದುಡ್ಡು ಮುಟ್ಟಲಿಲ್ಲ. ಅಧಿಕಾರಿ ಹಣವನ್ನು ಸರ್ಕಾರಿ ಖಜಾನೆಯಲ್ಲಿಟ್ಟ, ಹೊಲದಲ್ಲಿ ನಿಂತು ಮಹಜರು ಬರೆದುಕೊಂಡು ಹೋದ. ರೈತ ಮಾರನೇ ವರ್ಷವೂ ರಾಗಿ ಬಿತ್ತಿದ, 2014ರಲ್ಲೂ ಬಿತ್ತಿದ. ಈ ಸ್ವಾಧೀನ ರದ್ದಾಯಿತೋ ಇಲ್ಲವೋ?

ಕಾಯಿದೆಯ ಮಾತು ಮಸುಕಾದಾಗ ನ್ಯಾಯಾಧೀಶರ ಕೈಯಲ್ಲಿ ಮೂರು ಹಳೆಯ ಅಳತೆಗೋಲುಗಳಿವೆ. ಮೊದಲನೆಯದು ಅಕ್ಷರಾರ್ಥದ ಸೂತ್ರ: ಬರೆದದ್ದನ್ನು ಬರೆದ ಹಾಗೆ ಓದು, ಪರಿಣಾಮ ಏನಾದರೂ ಆಗಲಿ. ಹಾಗೆ ಓದಿದರೆ ‘ಅಥವಾ’ ಎಂದರೆ ಎರಡರಲ್ಲಿ ಒಂದು ಸಾಕು. 2014ರ ಜನವರಿ 24ರಂದು ಪುಣೆ ಮಹಾನಗರ ಪಾಲಿಕೆಯ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳು ಈ ಹಾದಿ ಹಿಡಿದರು. ರೈತ ಹಣ ಒಲ್ಲೆ ಅಂದರೆ ಅದನ್ನು ಕೋರ್ಟಿನಲ್ಲಿ ಠೇವಣಿ ಇಡಬೇಕು ಅಂತ ಹಳೆಯ ಕಾಯಿದೆಯ 31ನೇ ಕಲಮೇ ಹೇಳಿತ್ತು. ಖಜಾನೆಯಲ್ಲಿಟ್ಟರೆ ಅದು ಸಂದಾಯವಲ್ಲ ಅಂದರು. ನಮ್ಮ ನಾಲ್ಕೆಕರೆಯ ರೈತ ಗೆದ್ದ.

ಎರಡನೆಯದು ಸುವರ್ಣ ಸೂತ್ರ: ಅಕ್ಷರಾರ್ಥ ಅಸಂಬದ್ಧಕ್ಕೆ ಒಯ್ದರೆ, ಅಷ್ಟರ ಮಟ್ಟಿಗೆ ಮಾತ್ರ ಅರ್ಥವನ್ನು ಬಗ್ಗಿಸು. ಸರ್ಕಾರದ ಕಡೆಯವರು ಕೇಳಿದರು: ಅಣೆಕಟ್ಟು ಕಟ್ಟಿ ನೀರು ನಿಂತಿದೆ, ಒಬ್ಬನಿಗೆ ಹಣ ಸಂದಿಲ್ಲ ಅಂತ ಸ್ವಾಧೀನ ಬಿದ್ದುಹೋಗಬೇಕೆ? ಜೊತೆಗೆ ಅದೇ ಉಪಕಲಮಿನ ಕೆಳಗೆ ಒಂದು ಪರಂತುಕವಿದೆ. ಬಹುಪಾಲು ಹಿಡುವಳಿಗಳ ಪರಿಹಾರ ಠೇವಣಿಯಾಗಿರದಿದ್ದರೆ ಎಲ್ಲರಿಗೂ ಹೊಸ ದರದ ಪರಿಹಾರ ಕೊಡಬೇಕು ಅಂತ ಅದು ಹೇಳುತ್ತದೆ. ಹಣ ಸಂದಿಲ್ಲ ಅನ್ನುವುದೊಂದೇ ಕಾರಣಕ್ಕೆ ಸ್ವಾಧೀನವೇ ರದ್ದಾಗುವುದಾದರೆ, ಪರಿಹಾರ ಹೆಚ್ಚಿಸುವ ಆ ಮಾತಿಗೆ ಕೆಲಸವೇನು? ಈ ಪ್ರಶ್ನೆ ಗಟ್ಟಿಯಾದದ್ದು, ಒಪ್ಪಬೇಕು.

ಮೂರನೆಯದು ಕೇಡು ನಿವಾರಣೆಯ ಸೂತ್ರ. 1584ರಲ್ಲಿ ಇಂಗ್ಲೆಂಡಿನ ಹೇಡನ್ ಎಂಬವನ ಮೊಕದ್ದಮೆಯಲ್ಲಿ ಹುಟ್ಟಿದ್ದು, 1955ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬೆಂಗಾಲ್ ಇಮ್ಯುನಿಟಿ ಕಂಪನಿಯ ಮೊಕದ್ದಮೆಯಲ್ಲಿ ಒಪ್ಪಿಕೊಂಡದ್ದು. ಇದು ನಾಲ್ಕು ಪ್ರಶ್ನೆ ಕೇಳುತ್ತದೆ: ಮೊದಲು ಕಾನೂನು ಏನಿತ್ತು? ಅದರಲ್ಲಿ ಯಾವ ಕೇಡು ಉಳಿದಿತ್ತು? ಹೊಸ ಕಾಯಿದೆ ಕೊಟ್ಟ ಮದ್ದೇನು? ಆ ಮದ್ದಿನ ಕಾರಣವೇನು? ಇವಕ್ಕೆ ಉತ್ತರ ಕಂಡುಕೊಂಡು, ಕೇಡು ಅಡಗುವ ಹಾಗೆ ಓದು ಅನ್ನುತ್ತದೆ.

2020ರ ಮಾರ್ಚ್ 6ರಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರ ಸಂವಿಧಾನ ಪೀಠ ಹೇಳಿದ್ದು ಇದು: ಹಳೆಯ ಕಾಯಿದೆಯಲ್ಲಿ ಅವಾರ್ಡಿನ ನಂತರ ಗಡುವೇ ಇರಲಿಲ್ಲ, ಅವಾರ್ಡು ಮಾಡಿ ಐದು ವರ್ಷ ಸ್ವಾಧೀನವನ್ನೂ ತೆಗೆದುಕೊಳ್ಳದೆ, ಹಣವನ್ನೂ ಕೊಡದೆ ಕೂತ ಅಧಿಕಾರಿಯ ಆಲಸ್ಯವೇ ಕೇಡು. ಆದ್ದರಿಂದ ಎರಡೂ ಆಗಿರದಿದ್ದರೆ ಮಾತ್ರ ರದ್ದು. ಎರಡು ‘ಇಲ್ಲ’ಗಳ ನಡುವಿನ ‘ಅಥವಾ’ವನ್ನು ‘ಮತ್ತು’ ಅಂತ ಓದಬೇಕು. ಪುಣೆಯ ತೀರ್ಪು ಹೋಯಿತು. ರೈತನಿಗೆ ಹಣ ಕೊಡಲು ಮುಂದೆ ಬಂದಿದ್ದರೆ ಸಾಕು; ಕೋರ್ಟಿನಲ್ಲಿ ಇಡದಿದ್ದರೆ ಬಡ್ಡಿ ಬರುತ್ತದೆಯೇ ಹೊರತು ಸ್ವಾಧೀನ ಬೀಳುವುದಿಲ್ಲ. ಒಲ್ಲೆ ಅಂದವನು ಆಮೇಲೆ ಕೊಟ್ಟಿಲ್ಲ ಅನ್ನುವ ಹಾಗಿಲ್ಲ. ಮಹಜರು ಬರೆದರೆ ಅದೇ ಸ್ವಾಧೀನ. ಆಮೇಲೆ ಬಿತ್ತಿದವನು ಅತಿಕ್ರಮಣಕಾರ. ನಮ್ಮ ನಾಲ್ಕೆಕರೆಯವನು ಸೋತ.

ಇಲ್ಲಿ ನಮ್ಮ ತಕರಾರು ಒಂದೇ. ಕೇಡು ಯಾವುದು ಅಂತ ಯಾರು ಹೇಳಬೇಕು? ಕಚೇರಿಯ ಕುರ್ಚಿಯಿಂದ ನೋಡಿದರೆ ವಿಳಂಬವೇ ಕೇಡು. ಹೊಲದ ಬದುವಿನಿಂದ ನೋಡಿದರೆ ನಿನ್ನೆಯ ಬೆಲೆಗೆ ಇವತ್ತಿನ ಭೂಮಿ ಕಸಿಯುವುದು, ಆ ಬೆಲೆಯನ್ನೂ ಕೈಗೆ ಕೊಡದೆ ಖಜಾನೆಯಲ್ಲಿ ಕೊಳೆಹಾಕುವುದು ಕೇಡು. ಈ ಕಾಯಿದೆಯ ಹೆಸರಿನಲ್ಲೇ ನ್ಯಾಯಯುತ ಪರಿಹಾರದ ಹಕ್ಕು ಅಂತಿದೆ, ವಿಳಂಬ ನಿವಾರಣೆ ಅಂತಿಲ್ಲ. ಕೇಡನ್ನು ನಮ್ಮ ಕಡೆಯಿಂದ ಹೆಸರಿಸಿದ್ದರೆ ‘ಅಥವಾ’ ‘ಅಥವಾ’ ಆಗಿಯೇ ಉಳಿಯುತ್ತಿತ್ತು. ಅಣೆಕಟ್ಟಿನ ಅಸಂಬದ್ಧವನ್ನು ತಪ್ಪಿಸಲು, ಕೆಲಸ ಮುಗಿದ ಜಮೀನಿಗೆ ಹೊಸ ಬೆಲೆ ಕೊಡಿ ಅಂದಿದ್ದರೆ ಸಾಕಿತ್ತು. ಪಾಳುಬಿದ್ದ ಜಮೀನನ್ನೂ ಅದರ ಜೊತೆ ಕಟ್ಟಬೇಕಾಗಿರಲಿಲ್ಲ.

ಆದರೂ ಐವರ ಪೀಠದ ತೀರ್ಪು ಇವತ್ತಿನ ಕಾನೂನು. ಅದನ್ನು ತಿಳಿದೇ ನಡೆಯಬೇಕು. ನಮ್ಮ ರಾಜ್ಯದವರು ಇನ್ನೊಂದು ಮಾತು ನೆನಪಿಡಿ: ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಡಿ ಹೋದ ಜಮೀನಿಗೆ ಈ 24(2) ಅನ್ವಯಿಸುವುದೇ ಇಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ.

ಹಾಗಾದರೆ ಮಾಡುವುದೇನು? ಬೆಲೆ ಕಡಿಮೆ ಅಂತ ಸಿಟ್ಟಿನಿಂದ ದುಡ್ಡು ಬಿಟ್ಟು ಬರಬೇಡಿ. ‘ತಕರಾರಿಗೆ ಒಳಪಟ್ಟು ಪಡೆದಿದ್ದೇನೆ’ ಅಂತ ಬರೆದೇ ಹಣ ತೆಗೆದುಕೊಳ್ಳಿ. ಹಾಗೆ ಬರೆಯದೆ ಪಡೆದವನು ಹೆಚ್ಚಿನ ಪರಿಹಾರ ಕೇಳುವ ಹಕ್ಕು ಕಳೆದುಕೊಳ್ಳುತ್ತಾನೆ. ಹಳೆಯ ಕಾಯಿದೆಯಲ್ಲೂ ಹಾಗೇ, ಹೊಸದರಲ್ಲೂ ಹಾಗೇ. ಹೊಸ ಕಾಯಿದೆಯ 64ನೇ ಕಲಮಿನ ಅರ್ಜಿಗೆ, ಅವಾರ್ಡು ಆದಾಗ ನೀವು ಹಾಜರಿದ್ದರೆ ಆರು ವಾರ ಮಾತ್ರ ಗಡುವು. ಇನ್ನು ಮಹಜರು ಬರೆದ ದಿನ ಯಾವುದು, ಸಾಕ್ಷಿ ಹಾಕಿದವರು ಯಾರು, ಅವತ್ತು ಹೊಲದಲ್ಲಿ ಬೆಳೆ ಇತ್ತೋ ಇಲ್ಲವೋ ಅನ್ನುವುದನ್ನು ಮಹಜರಿನ ನಕಲು ಪಡೆದು ನೋಡಿ. ಕಚೇರಿಯಲ್ಲೇ ಕೂತು ಬರೆದ ಮಹಜರನ್ನು ಸುಳ್ಳೆಂದು ತೋರಿಸಲು ಬೇಕಾದ ಕಾಗದ ನಿಮ್ಮ ಪೆಟ್ಟಿಗೆಯಲ್ಲಿರಬೇಕು.

ಮುಂದೆ ವಿಧಾನಸೌಧದಲ್ಲೋ ಸಂಸತ್ತಿನಲ್ಲೋ ಭೂಮಿಯ ಮಸೂದೆ ಬಂದಾಗ ನಿಮ್ಮ ಶಾಸಕರನ್ನು, ಸಂಸದರನ್ನು ಊರ ಕಟ್ಟೆಗೆ ಕರೆಸಿ ಕೇಳಿ: ಸ್ವಾಮಿ, ಇಲ್ಲಿ ‘ಅಥವಾ’ ಅಂತ ಬರೆದಿದ್ದೀರಲ್ಲ, ಒಂದು ಸಾಕೋ, ಎರಡೂ ಬೇಕೋ? ಅದನ್ನು ಕಾಯಿದೆಯಲ್ಲೇ ಬಿಡಿಸಿ ಬರೆಯಿರಿ. ನೀವು ಬರೆಯದೆ ಬಿಟ್ಟದ್ದನ್ನು ಕೋರ್ಟು ಬರೆಯುತ್ತದೆ, ಬೆಲೆ ಮಾತ್ರ ನಾವು ತೆರುತ್ತೇವೆ.