ಮಾರ್ಚ್ 15 ಮರೆತರೆ ಜುಲೈನಲ್ಲಿ ಪರದಾಟ

ದೊಡ್ಡಪ್ಪನ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಜುಲೈನಲ್ಲಿ ಊರಿಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೆರೆದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಕೂತಳು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ, ‘ಲೋ, ಬಾರೋ ಇಲ್ಲಿ. ಇದೇನು ಎಪ್ಪತ್ತೇಳು ಸಾವಿರ ಕಟ್ಟು ಅಂತಿದೆ?’ ಎಂದು ಕೂಗಿದಳು. ಕಂಪನಿ ಕೊಟ್ಟ ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ. ಪರದೆಯ ಮೇಲೆ ಮಾತ್ರ ₹77,805.

ಬಿ.ಇ. ಓದುತ್ತಿರುವ ನನಗೆ ತೆರಿಗೆ ಎಂದರೆ ಅಪ್ಪ ಬೈಯುವ ವಿಷಯ, ಅಷ್ಟೆ. ಅವತ್ತು ಮಾತ್ರ ಅಕ್ಕನ ಪಕ್ಕ ಕೂತು ಲೆಕ್ಕ ಬಿಡಿಸಿದೆ. ತಪ್ಪು ಎಲ್ಲಾಯಿತು ಎಂದು ಗೊತ್ತಾದಾಗ ನನ್ನ ಗೆಳೆಯರ ನೆನಪಾಯಿತು. ನಮ್ಮ ಬ್ಯಾಚಿನಲ್ಲಿ ಈಗಲೇ ವೆಬ್‌ಸೈಟ್ ಮಾಡಿಕೊಟ್ಟು ಸಂಪಾದಿಸುವವರು ನಾಲ್ಕೈದು ಮಂದಿ ಇದ್ದಾರೆ. ಕೆಲಸ ಸಿಕ್ಕ ಮೇಲೂ ಅವರು ಇದನ್ನು ಬಿಡುವುದಿಲ್ಲ. ಅಂದರೆ ಇನ್ನೆರಡು ವರ್ಷಕ್ಕೆ ಅಕ್ಕನ ಜಾಗದಲ್ಲಿ ಕೂರುವವರು ನಾವೇ.

ಅಕ್ಕನ ಲೆಕ್ಕ ಹೀಗಿತ್ತು. 2025–26ನೇ ಹಣಕಾಸು ವರ್ಷದಲ್ಲಿ ಅವಳ ಸಂಬಳ ತಿಂಗಳಿಗೆ ಒಂದು ಲಕ್ಷ, ವರ್ಷಕ್ಕೆ 12 ಲಕ್ಷ ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ಕಳೆದರೆ ₹11.25 ಲಕ್ಷ. ತೆರಿಗೆಗೊಳಪಡುವ ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಪೂರ್ತಿ ಮಾಫಿ. ಹಾಗಾಗಿ ಕಂಪನಿ ಟಿಡಿಎಸ್ ಎಂದು ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ಅದು ಕಂಪನಿಯ ತಪ್ಪೂ ಅಲ್ಲ, ಅದಕ್ಕೆ ಗೊತ್ತಿದ್ದದ್ದು ಸಂಬಳ ಮಾತ್ರ.

ರಾತ್ರಿ ಮತ್ತು ಶನಿವಾರ ಅಕ್ಕ ಇಬ್ಬರು ಅಂಗಡಿ ಮಾಲೀಕರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ಅದರಿಂದ ತಿಂಗಳಿಗೆ ₹25,000, ವರ್ಷಕ್ಕೆ 3 ಲಕ್ಷ. ಅವರು ಸಣ್ಣ ವ್ಯಾಪಾರಿಗಳು, ಲೆಕ್ಕಪರಿಶೋಧನೆಯ ಮಟ್ಟಕ್ಕೆ ಬೆಳೆದವರಲ್ಲ. ಆದ್ದರಿಂದ ಟಿಡಿಎಸ್ ಹಿಡಿಯುವ ಹೊಣೆ ಅವರಿಗಿಲ್ಲ. ಹಣ ಪೂರ್ತಿಯಾಗಿ ಖಾತೆಗೆ ಬಂತು, ಖರ್ಚೂ ಆಯಿತು.

ಈ 3 ಲಕ್ಷವೂ ಆದಾಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ವೈದ್ಯಕೀಯ, ವಕೀಲಿಕೆ, ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನದಂಥ ಕೆಲವು ವೃತ್ತಿಗಳವರಿಗೆ ಕಾಯ್ದೆಯಲ್ಲಿ ಒಂದು ಸರಳ ದಾರಿ ಇದೆ. ಬಂದ ಹಣದ ಅರ್ಧವನ್ನು ಲಾಭ ಎಂದು ತೋರಿಸಿದರೆ ಖರ್ಚಿನ ರಸೀದಿ ಇಡಬೇಕಿಲ್ಲ. 1961ರ ಕಾಯ್ದೆಯಲ್ಲಿ ಇದು 44ಎಡಿಎ ಸೆಕ್ಷನ್. ಅಕ್ಕ ಅದರಂತೆ ₹1.5 ಲಕ್ಷ ತೋರಿಸಿದಳು. ಒಟ್ಟು ಆದಾಯ ₹12.75 ಲಕ್ಷ ಆಯಿತು.

12 ಲಕ್ಷದ ಗೆರೆ ದಾಟಿದ್ದು ಇಲ್ಲೇ. ಗೆರೆ ದಾಟಿದರೆ ಮೇಲಿನ ₹75,000ಕ್ಕೆ ಮಾತ್ರ ತೆರಿಗೆ ಬೀಳುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ರಿಬೇಟ್ ಪೂರ್ತಿ ಹೋಗುತ್ತದೆ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ನಂತರದ 4 ಲಕ್ಷಕ್ಕೆ ಶೇ 5ರಂತೆ ₹20,000, ಅದರ ಮೇಲಿನ 4 ಲಕ್ಷಕ್ಕೆ ಶೇ 10ರಂತೆ ₹40,000, ಕೊನೆಯ ₹75,000ಕ್ಕೆ ಶೇ 15ರಂತೆ ₹11,250. ಇವುಗಳ ಮೊತ್ತ ₹71,250. ಶೇ 4 ಸೆಸ್ ಸೇರಿ ₹74,100. ಫ್ರೀಲಾನ್ಸ್ ಹಣ ತನ್ನ ತೆರಿಗೆಯನ್ನಷ್ಟೇ ತರಲಿಲ್ಲ, ಸಂಬಳದ ಮೇಲೆ ಮಲಗಿದ್ದ ತೆರಿಗೆಯನ್ನೂ ಎಬ್ಬಿಸಿತು.

ಅಕ್ಕ ಅದೇ ವರ್ಷ ಫ್ರೀಲಾನ್ಸ್‌ನಿಂದ ಒಂದೂವರೆ ಲಕ್ಷ ಮಾತ್ರ ದುಡಿದಿದ್ದರೆ? ಅರ್ಧ ₹75,000, ಒಟ್ಟು ಸರಿಯಾಗಿ 12 ಲಕ್ಷ, ತೆರಿಗೆ ಸೊನ್ನೆ. ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ದುಡಿಮೆಗೆ ಏನೂ ಇಲ್ಲ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಂದ ಒಂದೂವರೆ ಲಕ್ಷಕ್ಕೆ ₹74,100. ತಿಂಗಳಿಗೆ ಬಂದ ₹25,000ದಲ್ಲಿ ₹12,350 ಅವಳದ್ದಾಗಿರಲೇ ಇಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ಗೆರೆಯನ್ನು ತುಸುವೇ ದಾಟಿದವರಿಗೆ ಒಂದು ರಿಯಾಯಿತಿ ಇದೆ: ಸೆಸ್ ಬಿಟ್ಟು ತೆರಿಗೆ, 12 ಲಕ್ಷದ ಮೇಲಿನ ಮೊತ್ತವನ್ನು ಮೀರುವಂತಿಲ್ಲ. ಅಕ್ಕನ ವಿಷಯದಲ್ಲಿ ಆ ಮಿತಿ ₹75,000 ಆದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ.

ಉಳಿದ ₹3,705 ಬಡ್ಡಿ. ಟಿಡಿಎಸ್ ಕಳೆದ ಮೇಲೆ ವರ್ಷದ ತೆರಿಗೆ ₹10,000 ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಯುವುದಾದರೆ, ಅದನ್ನು ಆ ಹಣಕಾಸು ವರ್ಷದೊಳಗೇ ಕಟ್ಟಬೇಕು. ಇದೇ ಮುಂಗಡ ತೆರಿಗೆ. ಸಾಮಾನ್ಯ ನಿಯಮದಲ್ಲಿ ನಾಲ್ಕು ಕಂತು: ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ. ಖರ್ಚು–ವೆಚ್ಚದ ಲೆಕ್ಕ ಇಟ್ಟು ನಿಜವಾದ ಲಾಭ ತೋರಿಸುವವರಿಗೆ ಈ ನಾಲ್ಕೂ ದಿನಾಂಕ ಅನ್ವಯ.

ಅಕ್ಕನಂತೆ ಅರ್ಧ ಲಾಭದ ದಾರಿ ಹಿಡಿದವರಿಗೆ ಮಾತ್ರ ನಾಲ್ಕು ಕಂತಿನ ಗೋಜಿಲ್ಲ. ಮಾರ್ಚ್ 15ರೊಳಗೆ ಒಂದೇ ಸಲ ಪೂರ್ತಿ ಕಟ್ಟಿದರೆ ಸಾಕು. ಈ ಒಂದು ಸಾಲು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ ಎನ್ನುವುದು ನನ್ನ ಅನಿಸಿಕೆ. ಮುಂಗಡ ತೆರಿಗೆ ಎಂದರೆ ವರ್ಷವಿಡೀ ಲೆಕ್ಕ ಹಾಕುವ ತಲೆನೋವು ಎಂದುಕೊಂಡು ಎಷ್ಟೋ ಮಂದಿ ಆ ಕಡೆ ತಲೆಯನ್ನೇ ಹಾಕುವುದಿಲ್ಲ.

ಅಕ್ಕ ಆ ದಿನಾಂಕ ತಪ್ಪಿಸಿದ್ದಳು. ಅದಕ್ಕೆ ಶೇ 1ರಂತೆ ₹741. ವರ್ಷ ಮುಗಿಯುವಷ್ಟರಲ್ಲಿ ಶೇ 90ರಷ್ಟೂ ಕಟ್ಟಿರಲಿಲ್ಲವಾದ್ದರಿಂದ ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರ ಇನ್ನೊಂದು ಬಡ್ಡಿ. ಏಪ್ರಿಲ್, ಮೇ, ಜೂನ್, ಜುಲೈ, ನಾಲ್ಕು ತಿಂಗಳಿಗೆ ₹2,964. ತಿಂಗಳಲ್ಲಿ ಒಂದು ದಿನ ಸೇರಿದರೂ ಇಡೀ ತಿಂಗಳೇ ಲೆಕ್ಕ.

ಇದನ್ನು ಹೇಳಿದಾಗ ಗೆಳೆಯನೊಬ್ಬ, ‘ಮೂರೂವರೆ ಸಾವಿರ ಚಿಲ್ಲರೆ ತಾನೇ, ಜುಲೈನಲ್ಲೇ ಕಟ್ಟಿದರಾಯಿತು ಬಿಡೋ’ ಎಂದ. ನನ್ನ ತಕರಾರು ಇರುವುದು ಅಲ್ಲೇ. ಬಡ್ಡಿ ದೊಡ್ಡದಲ್ಲ, ನಿಜ. ಅಸಲು ಎಲ್ಲಿತ್ತು? ಅಕ್ಕನ ಖಾತೆಯಲ್ಲಿ ಅವತ್ತು ಇದ್ದದ್ದು ಮೂವತ್ತು ಸಾವಿರ. ಉಳಿದದ್ದಕ್ಕೆ ದೊಡ್ಡಪ್ಪನ ಮುಂದೆ ಕೈ ಒಡ್ಡಬೇಕಾಯಿತು. ಕೆಲಸಕ್ಕೆ ಸೇರಿದ ಮೇಲೆ ಮನೆಯಿಂದ ಒಂದು ರೂಪಾಯಿ ಕೇಳಿಲ್ಲ ಎಂದು ಹೇಳಿಕೊಳ್ಳುತ್ತಿದ್ದವಳು ಅವತ್ತು ಊಟಕ್ಕೆ ಕೂತಾಗ ಮಾತೇ ಆಡಲಿಲ್ಲ. ಸಂಬಳದಲ್ಲಿ ಟಿಡಿಎಸ್ ಕಡಿತವಾದಾಗ ನಾವು ಗೊಣಗುತ್ತೇವೆ. ಆದರೆ ನಮ್ಮದಲ್ಲದ ಹಣ ನಮ್ಮ ಕೈಗೆ ಬಾರದಂತೆ ನೋಡಿಕೊಳ್ಳುವುದು ಅದೇ. ಫ್ರೀಲಾನ್ಸ್ ಹಣಕ್ಕೆ ಆ ಕಾವಲು ಇಲ್ಲ. ಆ ಕೆಲಸವನ್ನು ನಾವೇ ಮಾಡಬೇಕು.

ಕಂಪನಿಯೇ ಕ್ಲೈಂಟ್ ಆಗಿದ್ದು ವೃತ್ತಿ ಶುಲ್ಕದಲ್ಲಿ ಶೇ 10 ಟಿಡಿಎಸ್ ಹಿಡಿದಿದ್ದರೂ ಕಥೆ ಮುಗಿಯುತ್ತಿರಲಿಲ್ಲ. ₹30,000 ಹೋಗಿ ಇನ್ನೂ ₹44,100 ಬಾಕಿ ಇರುತ್ತಿತ್ತು. ‘ಟಿಡಿಎಸ್ ಕಟ್ ಆಗಿದೆ’ ಎಂದರೆ ತೆರಿಗೆ ಮುಗಿದಿದೆ ಎಂದಲ್ಲ.

ಇನ್ನೊಂದು ದಾರಿಯೂ ಇತ್ತು. ಬೇರೆ ಆದಾಯದ ವಿವರವನ್ನು ಉದ್ಯೋಗದಾತರಿಗೆ ಬರೆದುಕೊಟ್ಟರೆ, ಅದನ್ನೂ ಸೇರಿಸಿ ಸಂಬಳದಲ್ಲೇ ತಿಂಗಳು ತಿಂಗಳು ಟಿಡಿಎಸ್ ಹಿಡಿಯಲು ಕಾಯ್ದೆಯಲ್ಲಿ ಅವಕಾಶ ಇದೆ. ಆಗ ಮುಂಗಡ ತೆರಿಗೆಯ ಚಿಂತೆಯೇ ಇರುವುದಿಲ್ಲ. ಅಕ್ಕನಿಗೆ ಇದನ್ನು ಹೇಳಿದೆ. ‘ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬೇರೆ ಕೆಲಸ ಮಾಡಬಾರದು ಅಂತ ಇದೆ ಕಣೋ. ಎಚ್‌ಆರ್‌ಗೆ ನಾನೇ ಹೋಗಿ ಹೇಳ್ಲಾ?’ ಎಂದಳು. ಅವಳ ಭಯ ಸುಳ್ಳಲ್ಲ. ಆದರೆ ಕಂಪನಿಯ ಷರತ್ತು ಬೇರೆ, ತೆರಿಗೆ ಬೇರೆ. ಎಚ್‌ಆರ್‌ಗೆ ಹೇಳದೆ ಇಟ್ಟ ಆದಾಯವನ್ನು ಕ್ರಮೇಣ ನಾವೂ ಲೆಕ್ಕದಿಂದ ಹೊರಗಿಡುತ್ತೇವೆ. ಷರತ್ತು ಓದಿ, ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕಂಪನಿಗೆ ಹೇಳಲಾಗದಿದ್ದರೆ ಕಂತು ಕಟ್ಟುವ ಹೊಣೆ ಪೂರ್ತಿ ನಮ್ಮದು.

ಕಟ್ಟುವುದು ಕಷ್ಟವೇನಲ್ಲ. ಆದಾಯ ತೆರಿಗೆ ಇಲಾಖೆಯ ತಾಣ incometax.gov.in ತೆರೆದು e-Pay Tax ಆಯ್ಕೆ ಮಾಡಿ, ಪ್ಯಾನ್ ಮತ್ತು ಮೊಬೈಲ್‌ಗೆ ಬಂದ ಒಟಿಪಿ ಕೊಟ್ಟರೆ ಸಾಕು. ಅಲ್ಲಿ Advance Tax (100) ಎನ್ನುವುದನ್ನು ಆರಿಸಬೇಕು. ವರ್ಷ ಮುಗಿದ ಮೇಲೆ ಕಟ್ಟುವುದು Self-Assessment Tax (300), ಅಕ್ಕ ಕಟ್ಟಿದ್ದು ಇದನ್ನೇ. ಎಡವುವುದು ಹೆಚ್ಚಾಗಿ ವರ್ಷ ಆರಿಸುವಾಗ. 2025–26ರಲ್ಲಿ ದುಡಿದದ್ದಕ್ಕೆ ಹಳೆಯ ಕಾಯ್ದೆಯಂತೆ ‘ಅಸೆಸ್‌ಮೆಂಟ್ ಇಯರ್ 2026–27’. 2026ರ ಏಪ್ರಿಲ್ 1ರಿಂದ ದುಡಿಯುವುದಕ್ಕೆ ಹೊಸ ಕಾಯ್ದೆಯಂತೆ ‘ಟ್ಯಾಕ್ಸ್ ಇಯರ್ 2026–27’. ಅಂಕಿ ಒಂದೇ, ವರ್ಷ ಬೇರೆ ಬೇರೆ. ತಪ್ಪು ಆರಿಸಿದರೆ ಹಣ ಹೋಗಿರುತ್ತದೆ, ಬೇಕಾದ ವರ್ಷದ ಲೆಕ್ಕದಲ್ಲಿ ಮಾತ್ರ ಕಾಣುವುದಿಲ್ಲ. ಚಲನ್ ಉಳಿಸಿಕೊಂಡು, ಕೆಲವು ದಿನ ಬಿಟ್ಟು 26ಎಎಸ್ ಫಾರ್ಮ್‌ನಲ್ಲಿ ಅದು ಬಂದಿದೆಯೇ ಎಂದು ನೋಡಬೇಕು.

‘ಮುಂದಿನ ತಿಂಗಳು ಕೆಲಸ ಬರುತ್ತೋ ಇಲ್ಲವೋ, ವರ್ಷದ ಆದಾಯ ಅಂದಾಜು ಮಾಡುವುದು ಹೇಗೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ಕಂತಿನವರಿಗೆ ಪ್ರತಿ ಕಂತಿನಲ್ಲೂ ಅಂದಾಜು ತಿದ್ದಿಕೊಳ್ಳುವ ಅವಕಾಶ ಇದೆ. ಒಂದೇ ಕಂತಿನವರಿಗೆ ಮಾರ್ಚ್ ಮಧ್ಯದ ಹೊತ್ತಿಗೆ ಹನ್ನೊಂದೂವರೆ ತಿಂಗಳ ಹಣ ಕಣ್ಣ ಮುಂದಿರುತ್ತದೆ. ಹೆಚ್ಚು ಕಟ್ಟಿದ್ದರೆ ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ.

ಕಾಯ್ದೆಯ ಮೇಲೂ ನನಗೆ ಸಿಟ್ಟಿದೆ. ಒಂದು ಗೆರೆ ದಾಟಿದ್ದಕ್ಕೆ ಅರ್ಧ ವರ್ಷದ ಹೆಚ್ಚುವರಿ ದುಡಿಮೆಯ ಅರ್ಧ ಹೋಗುವುದು ನಿದ್ದೆಗೆಟ್ಟು ಕೆಲಸ ಮಾಡುವವರಿಗೆ ಉತ್ತೇಜನವಲ್ಲ. ರಿಬೇಟ್ ಒಮ್ಮೆಲೇ ಕಡಿದು ಬೀಳುವ ಬದಲು ನಿಧಾನವಾಗಿ ಇಳಿಯುವಂತಿರಬೇಕಿತ್ತು. ಅದು ಬದಲಾಗುವವರೆಗೆ ಆ ಗೆರೆ ಎಲ್ಲಿದೆ ಎಂದು ತಿಳಿದು ನಡೆಯುವುದೊಂದೇ ಉಳಿದ ದಾರಿ.

ಅಕ್ಕ ಈಗ ಇನ್ನೊಂದು ಉಳಿತಾಯ ಖಾತೆ ತೆರೆದಿದ್ದಾಳೆ. ಅಂಗಡಿಯವರಿಂದ ಹಣ ಬಂದ ದಿನವೇ ಅದರ ಕಾಲು ಭಾಗವನ್ನು ಆ ಖಾತೆಗೆ ಹಾಕುತ್ತಾಳೆ. ಮೂರು ಲಕ್ಷಕ್ಕೆ ₹74,100 ಎಂದರೆ ಹತ್ತಿರ ಹತ್ತಿರ ಕಾಲು ಭಾಗವೇ. ಆ ಖಾತೆಯ ಎಟಿಎಂ ಕಾರ್ಡನ್ನು ಅವಳು ಊರಲ್ಲೇ ದೊಡ್ಡಮ್ಮನ ಕೈಗೆ ಕೊಟ್ಟು ಹೋಗಿದ್ದಾಳೆ. ಮೊಬೈಲ್‌ನಲ್ಲಿ ಮಾರ್ಚ್ 10ಕ್ಕೆ ಅಲಾರಾಂ ಇಟ್ಟುಕೊಂಡಿದ್ದಾಳೆ. ನಾನೂ ಇಟ್ಟಿದ್ದೇನೆ, ಅವಳಿಗೆ ಫೋನ್ ಮಾಡಿ ನೆನಪಿಸಲು.